ಮನೆಯವರಿಗೆ ಹೇಳುವ ಮೊದಲು ಕಳಿಸಬೇಕಾದ ಒಂದು ಮೆಸೇಜು

“ನಾವಿಬ್ಬರೂ ಬೇರೆ ಬೇರೆ ಧರ್ಮದವರು. ಸದ್ಯಕ್ಕೆ ಚೆನ್ನಾಗಿದ್ದೇವೆ. ಈಗಲೇ ಆ ವಿಷಯ ಎತ್ತಿದರೆ ಸುಮ್ನೆ ಜಗಳ ಆಗಲ್ವಾ? ಎತ್ತಲೇಬೇಕು ಅಂದ್ರೆ ಏನಂತ ಬರೀಲಿ?”

ಈಗಲೇ ಎತ್ತಿ. ಮನೆಯವರು ನಡುವೆ ಬಂದ ಮೇಲೆ ನಿಮ್ಮ ಹುಡುಗ ಅಥವಾ ಹುಡುಗಿ ಆಡುವ ಮಾತಿನಲ್ಲಿ ಯಾವುದು ಅವರದು, ಯಾವುದು ಅವರ ಅಪ್ಪ ಅಮ್ಮನದು ಅಂತ ತಿಳಿಯುವುದೇ ಕಷ್ಟ. ಅಪ್ಪನ ಎದುರು ಒಮ್ಮೆ “ಹೂಂ” ಅಂದುಬಿಟ್ಟರೆ ಆ ಮಾತನ್ನು ವಾಪಸ್ ತೆಗೆದುಕೊಳ್ಳುವುದು ಯಾರಿಗೂ ಸುಲಭವಲ್ಲ. ಇಬ್ಬರೇ ಇರುವಾಗ ಮಾತ್ರ “ನನಗೆ ಇನ್ನೂ ಗೊತ್ತಿಲ್ಲ” ಅಂತ ಧೈರ್ಯವಾಗಿ ಹೇಳಬಹುದು.

ನನ್ನ ಗೆಳತಿಯೊಬ್ಬಳು ಒಂದು ರಾತ್ರಿ ಹೀಗೆ ಬರೆದುಕೊಂಡು, ಕಳಿಸುವ ಮೊದಲು ನನಗೆ ತೋರಿಸಿದಳು: “ಮುಂದೆ ನಿಮ್ಮ ಮನೆಯವರು ನನಗೆ ಧರ್ಮ ಬದಲಾಯಿಸು ಅಂತಾರಾ?” ಬೇಡ, ಅಳಿಸು ಅಂದೆ. ಆ ಪ್ರಶ್ನೆ ಅವನ ಮನೆಯವರ ಬಗ್ಗೆ, ಅವನ ಬಗ್ಗೆ ಅಲ್ಲ. ಅವನಿಗೂ ಅದರ ಉತ್ತರ ಗೊತ್ತಿರುವುದಿಲ್ಲ. “ಛೇ, ನಮ್ಮನೆಯವರು ಹಾಗಲ್ಲ” ಅಂತ ಸಮಾಧಾನ ಮಾಡುತ್ತಾನೆ, ಇವಳು ನಂಬುತ್ತಾಳೆ, ವಿಷಯ ಅಲ್ಲಿಗೇ ಮುಚ್ಚಿಹೋಗುತ್ತದೆ.

ಅವನನ್ನು ಕೇಳುವ ಮೊದಲು ನಿನ್ನದೇ ಏನು ಅಂತ ಒಂದು ಹಾಳೆಯಲ್ಲಿ ಬರಿ ಅಂದೆ. ಯಾವುದು ನನ್ನಿಂದ ಆಗಲ್ಲ, ಯಾವುದನ್ನು ಸಂತೋಷದಿಂದ ಮಾಡುತ್ತೇನೆ, ಯಾವುದನ್ನು ಇನ್ನೂ ಯೋಚಿಸಿಲ್ಲ. ಮೊದಲ ಎರಡನ್ನು ಬೇಗ ಬರೆದಳು. ಮಕ್ಕಳ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಎರಡು ದಿನ ಬಿಟ್ಟು, ಬೆಳಿಗ್ಗೆ ಹೊತ್ತು, ಅವಳು ಕಳಿಸಿದ್ದು ಇದು:

“ಒಂದು ವಿಷಯ ಮಾತಾಡ್ಬೇಕು. ಗಾಬರಿ ಬೇಡ, ಬೇಜಾರಾಗಿ ಬರೀತಿಲ್ಲ. ನಮ್ಮಿಬ್ಬರ ಧರ್ಮ ಬೇರೆ. ಮನೆಯಲ್ಲಿ ಹೇಳೋ ಮೊದಲು ನಾವಿಬ್ಬರೇ ಇದನ್ನ ಮಾತಾಡಿಕೊಳ್ಳೋಣ. ನನ್ನದು ಮೊದಲು ಹೇಳ್ತೀನಿ. ಮದುವೆಗೋಸ್ಕರ ನಾನು ಧರ್ಮ ಬದಲಾಯಿಸಲ್ಲ, ಹೆಸರೂ ಬದಲಾಯಿಸಲ್ಲ. ನೀನೂ ಬದಲಾಯಿಸೋದು ಬೇಡ. ನಿನ್ನ ಹಬ್ಬದಲ್ಲಿ, ಪ್ರಾರ್ಥನೆಯಲ್ಲಿ ಜೊತೆಗಿರೋಕೆ ನನಗೆ ಇಷ್ಟ. ಮಕ್ಕಳಾದರೆ ಹೇಗೆ ಬೆಳೆಸೋದು ಅಂತ ನನಗೇ ಇನ್ನೂ ಗೊತ್ತಿಲ್ಲ. ನಿನ್ನ ಮನೆಯವರು ಏನಂತಾರೆ ಅಂತ ಕೇಳ್ತಿಲ್ಲ. ನಿನಗೆ ಏನನಿಸುತ್ತೆ? ಈಗಲೇ ಉತ್ತರ ಬೇಡ. ಭಾನುವಾರ ಸಿಕ್ಕಾಗ ಮಾತಾಡೋಣ್ವಾ?”

ಇದರಲ್ಲಿ ಬೆದರಿಕೆ ಇಲ್ಲ, ಪರೀಕ್ಷೆ ಇಲ್ಲ. ತನ್ನ ಮಾತನ್ನು ಮೊದಲು ಇಟ್ಟಿದ್ದಾಳೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದ್ದಾಳೆ. ಕೇಳಿದ ಪ್ರಶ್ನೆ ಒಂದೇ. ಮೆಸೇಜಿನ ಲಾಭ ಇಷ್ಟು: ಓದಿದವರು ಮೊದಲು ಒಬ್ಬರೇ ಬೆಚ್ಚಬಹುದು, ಮತ್ತೆ ಓದಬಹುದು. ಆದರೆ ತೀರ್ಮಾನ ಚಾಟ್‌ನಲ್ಲಿ ಬೇಡ. ಅಲ್ಲಿ ದನಿ ಕೇಳಿಸುವುದಿಲ್ಲ, “ಸರಿ” ಅನ್ನುವ ಒಂದೇ ಪದ ಸಿಟ್ಟಿನ ಹಾಗೆ ಕಾಣುತ್ತದೆ. ಅದಕ್ಕೇ ಭೇಟಿಯ ದಿನ ಮೆಸೇಜಿನಲ್ಲೇ ಇರಲಿ.

ಒಂದು ಮಾತ್ರ ನೆನಪಿಡಿ. ಅವರ ಫೋನನ್ನು ಮನೆಯವರು ನೋಡುತ್ತಾರೆ ಅಂತಿದ್ದರೆ, ವಿಷಯ ಹೊರಬಿದ್ದರೆ ಹೊಡೆತ ಬೀಳುವ ಅಥವಾ ಕೂಡಿಹಾಕುವ ಭಯ ಇದ್ದರೆ, ಬರೆಯಲೇಬೇಡಿ. ಎದುರಿಗೆ ಸಿಕ್ಕಾಗ ಇದೇ ಮಾತುಗಳನ್ನು ಹೇಳಿ.

ಇನ್ನು ಉತ್ತರ. “ಪ್ರೀತಿ ಇದ್ರೆ ಎಲ್ಲಾ ಸರಿಹೋಗುತ್ತೆ” ಅಂತ ಬಂದರೆ ಅದು ಉತ್ತರವಲ್ಲ. ಅದರಲ್ಲಿ ಕೆಟ್ಟ ಮನಸ್ಸೇನೂ ಇಲ್ಲ, ಯೋಚಿಸಲು ಭಯ ಅಷ್ಟೇ. ಇನ್ನೊಮ್ಮೆ ಕೇಳಿ, ಆದರೆ ಸಣ್ಣದಾಗಿ: “ಮದುವೆ ಯಾವ ಪದ್ಧತಿಯಲ್ಲಿ ಆಗಬೇಕು ಅಂತ ನಿನಗನಿಸುತ್ತೆ?” ಇಂಥ ಪ್ರಶ್ನೆಗೆ ಪ್ರೀತಿಯ ಮಾತಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಮೂರು ನಾಲ್ಕು ಸಲ ಕೇಳಿದರೂ ಮಾತು ತೇಲಿಸಿದರೆ, ಮನೆಯವರ ಎದುರೂ ಅವರು ಹೀಗೇ ತೇಲಿಸುತ್ತಾರೆ ಅಂತ ನಾನಂತೂ ಅಂದುಕೊಳ್ಳುತ್ತೇನೆ. “ಅಮ್ಮನಿಗೋಸ್ಕರ ಬರೀ ಹೆಸರಿಗೆ ಬದಲಾದ್ರೆ ಸಾಕು” ಅಂತ ಬಂದರೆ, ಅದನ್ನು ಅಮ್ಮನ ಮಾತು ಅಂದುಕೊಳ್ಳಬೇಡಿ. ಕೇಳುತ್ತಿರುವುದು ನಿಮ್ಮ ಸಂಗಾತಿ.

ನನ್ನ ಗೆಳತಿಗೆ ಶನಿವಾರ ಉತ್ತರ ಬಂತು. ಮದುವೆ, ಹೆಸರು ಯಾವುದಕ್ಕೂ ಅವನ ತಕರಾರಿರಲಿಲ್ಲ. ಆದರೆ ಮಕ್ಕಳು ತನ್ನ ಧರ್ಮದಲ್ಲೇ ಬೆಳೆಯಲಿ ಅಂತ ಆಸೆ ಇದೆ, ನೀನು ಕೇಳುವವರೆಗೂ ಅದು ನನಗೇ ಗೊತ್ತಿರಲಿಲ್ಲ ಅಂತ ಬರೆದಿದ್ದ. ಅವಳು ತುಂಬಾ ಅತ್ತಳು. ಭಾನುವಾರ ಮುಗಿಯುವ ಮಾತಾಗಿರಲಿಲ್ಲ ಅದು, ಐದಾರು ತಿಂಗಳು ಹಿಡಿಯಿತು. ಎರಡನ್ನೂ ಕಲಿಸುವುದು, ದೊಡ್ಡವರಾದ ಮೇಲೆ ಮಕ್ಕಳೇ ಆರಿಸಿಕೊಳ್ಳುವುದು ಅಂತ ಒಪ್ಪಿಕೊಂಡರು. ಆಮೇಲೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು, ಒಂದೇ ದಿನ, ಅದೇ ಮಾತನ್ನು ಹೇಳಿದರು.