ಹೆಸರು ಬದಲಿಸಿದರೂ ಸಾಲು ನಡೆಯುತ್ತಾ?

ನಮ್ಮ ಸೇಲ್ಸ್ ತಂಡಕ್ಕೆ ಹೊಸದಾಗಿ ಸೇರಿದ ಹುಡುಗ ಆವತ್ತು ಕಳಿಸುವ ಮುಂಚೆ ತನ್ನ ಇಮೇಲ್ ತೋರಿಸಿದ. ಆನ್‌ಲೈನ್‌ನಲ್ಲಿ ಫರ್ನಿಚರ್ ಮಾರುವ ಕಂಪನಿಯ ಗೋದಾಮು ಮುಖ್ಯಸ್ಥರಿಗೆ ಬರೆದದ್ದು. ಗ್ರಾಹಕರು ವಾಪಸ್ ಕಳಿಸಿದ ಸಾಮಾನಿನ ಲೆಕ್ಕ ಇಡುವ ಸಾಫ್ಟ್‌ವೇರ್ ನಾವು ಮಾರುವುದು. ಮೊದಲ ಸಾಲು: "ನಿಮ್ಮ ಕಂಪನಿಯ ಬೆಳವಣಿಗೆ ನೋಡಿ ತುಂಬಾ ಖುಷಿಯಾಯಿತು."

"ಇಲ್ಲಿ ಬೇರೆ ಕಂಪನಿ ಹೆಸರು ಹಾಕಿದ್ರೂ ಈ ಸಾಲು ನಡೆಯುತ್ತಾ?" ಅಂದೆ.

"ನಡೆಯುತ್ತೆ ಮೇಡಂ."

ಹಾಗಾದರೆ ಅದು ಅವರಿಗೆ ಬರೆದದ್ದಲ್ಲ. ಇಬ್ಬರೂ ಕೂತು ಹುಡುಕಿದೆವು. ಆ ಮುಖ್ಯಸ್ಥರಿಗೆ ಪ್ರಶಸ್ತಿ ಬಂದ ಸುದ್ದಿ ಮೊದಲು ಸಿಕ್ಕಿತು. ನಿಜವಾದ ಸುದ್ದಿಯೇ, ಅವರದ್ದೇ ಸುದ್ದಿ. ಆದರೆ ಅಲ್ಲಿಂದ ನಮ್ಮ ಮಾತಿಗೆ ದಾರಿಯಿಲ್ಲ. ಮಗಳ ಹುಟ್ಟುಹಬ್ಬದ ಫೋಟೋ ಕೂಡ ಕಣ್ಣಿಗೆ ಬಿತ್ತು. ಅದನ್ನು ಮುಟ್ಟಲೇಬಾರದು. ಗುರುತಿಲ್ಲದವರು ಮನೆಯ ವಿಷಯ ಎತ್ತಿದರೆ ಯಾರಿಗೇ ಆದರೂ ಮೈ ಜುಂ ಅನ್ನುತ್ತೆ, ಅಲ್ವಾ?

ಬೇಕಾದದ್ದು ಸಿಕ್ಕಿದ್ದು ಅವರ ಕೆಲಸದ ಜಾಹೀರಾತಿನಲ್ಲಿ. ನನಗಂತೂ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಯಾವ ಕೆಲಸಕ್ಕೆ ಕೈ ಸಾಲುತ್ತಿಲ್ಲ, ಅದನ್ನು ಈಗ ಯಾವುದರಲ್ಲಿ ಮಾಡುತ್ತಿದ್ದಾರೆ ಅಂತ ಕಂಪನಿಯೇ ಬರೆದಿರುತ್ತದೆ. ರಿಟರ್ನ್ ಬಂದ ಸಾಮಾನು ತಪಾಸಣೆ ಮಾಡಿ ಎಕ್ಸೆಲ್ ಶೀಟ್‌ನಲ್ಲಿ ದಾಖಲಿಸಲು ಜನ ಬೇಕು ಅಂತ ಅದರಲ್ಲಿತ್ತು. ದಿನಾಂಕ ನೋಡಿದೆವು, ಅದೇ ವಾರದ್ದು. ಹಳೆಯದಾಗಿದ್ದರೆ ಬಿಟ್ಟುಬಿಡುತ್ತಿದ್ದೆವು. ಅವರ ಸಹಾಯ ಪುಟದಲ್ಲಿ, ತಪಾಸಣೆ ಮುಗಿದ ಮೇಲೆಯೇ ರಿಫಂಡ್ ಅಂತ ಇತ್ತು. ಎರಡನ್ನೂ ಜೋಡಿಸಿದರೆ ಒಂದು ಊಹೆ ಹುಟ್ಟುತ್ತದೆ: ಶೀಟ್ ತುಂಬುವುದು ತಡವಾದರೆ ರಿಫಂಡೂ ತಡ.

ಹುಡುಗ ಉತ್ಸಾಹದಲ್ಲಿ "ನಿಮ್ಮ ರಿಫಂಡ್ ತಡವಾಗುತ್ತಿದೆ" ಅಂತ ಬರೆದ. ಬೇಡ ಅಂದೆ. ಹೊರಗಿನಿಂದ ಕಂಡದ್ದನ್ನು ಹೇಳಬಹುದು. ಒಳಗೆ ಏನು ನಡೆಯುತ್ತಿದೆ ಅನ್ನುವುದನ್ನು ಕೇಳಬೇಕು. ಕೊನೆಗೆ ಹೀಗಾಯಿತು:

"ರಿಟರ್ನ್ ತಪಾಸಣೆಗೆ ನೀವು ಕರೆದಿರುವ ಕೆಲಸದಲ್ಲಿ ಎಕ್ಸೆಲ್ ದಾಖಲೆಯೂ ಸೇರಿದೆ ಅಂತ ನೋಡಿದೆ. ಒಂದು ಸೋಫಾ ತಪಾಸಣೆ ಮುಗಿದದ್ದು ರಿಫಂಡ್ ತಂಡಕ್ಕೆ ತಿಳಿಯುವುದು ಆ ಶೀಟ್‌ನಿಂದಲೇನಾ?"

ಇದಕ್ಕಿಂತ ಮೇಲೆ ಅವನು ಹಾಕಿದ್ದ "ನನ್ನ ಹೆಸರು ಇಂಥದ್ದು, ನಾನು ಇಂಥ ಕಂಪನಿಯವನು" ಅನ್ನುವುದನ್ನು ಕೆಳಗಿಳಿಸಿದೆವು. ಮೊಬೈಲ್‌ನಲ್ಲಿ ಮೇಲ್ ತೆರೆಯುವ ಮುಂಚೆ ಸಾಮಾನ್ಯವಾಗಿ ವಿಷಯದ ಜೊತೆ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಆ ಜಾಗದಲ್ಲಿ "ರಿಟರ್ನ್ ತಪಾಸಣೆ" ಅಂತ ಇರಬೇಕು.

ಉತ್ತರ ಬಂತು. ಶೀಟ್ ವಿಷಯ ನಿಜ, ಆದರೆ ತಡವಾಗುವುದು ಅಲ್ಲಲ್ಲ, ಗ್ರಾಹಕರ ಮನೆಯಿಂದ ಸಾಮಾನು ಎತ್ತುವ ಕಡೆ ಅಂತ ಅವರೇ ವಿವರವಾಗಿ ಬರೆದಿದ್ದರು. ಮುಂದಿನ ಮಾತುಕತೆ ಅದರ ಮೇಲೆಯೇ ನಡೆಯಿತು.