ನಡುವೆ ಬೀಳದ ಗೆರೆ

16 ಜುಲೈ 2024, ಮಂಗಳವಾರ
ಮಲ್ಲೇಶ್ವರ, ಬೆಂಗಳೂರು

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ನಮ್ಮ ಗ್ಯಾಸ್ ಸೆಲ್‌ನ ಕಿಟಕಿಗಳು ಉಪ್ಪಿನ ಹರಳಿನವು, ಇಂಥ ಥಂಡಿಗೆ ಮಸುಕಾಗಿಬಿಡುತ್ತವೆ. ಅದಕ್ಕೇ ಕೊನೇ ಗಳಿಗೆಯಲ್ಲಿ ಡೆಸಿಕೇಟರ್‌ನಿಂದ ತೆಗೆದು, ಹೈಡ್ರೋಜನ್ ಕ್ಲೋರೈಡ್ ಅನಿಲ ತುಂಬಿ ಇನ್‌ಫ್ರಾರೆಡ್ ಯಂತ್ರಕ್ಕೆ ಕೂರಿಸಿದೆ.

ಪರದೆ ಮೇಲೆ ಎರಡು ಬಾಚಣಿಗೆ ಅಕ್ಕಪಕ್ಕ ಇಟ್ಟ ಹಾಗೆ ಗೆರೆಗಳು ಮೂಡಿದವು. ಎಂಎಸ್ಸಿ ಹುಡುಗಿಯೊಬ್ಬಳು ಮುಖ ಸಣ್ಣ ಮಾಡಿಕೊಂಡು, "ಮೇಡಂ, ನಡುವೆ ಒಂದು ಗೆರೆ ಬಿದ್ದೇ ಇಲ್ಲ. ಇನ್ನೊಂದ್ಸಲ ಓಡಿಸ್ಲಾ?" ಅಂದಳು.

"ನೂರು ಸಲ ಓಡಿಸಿದ್ರೂ ಬೀಳಲ್ಲ ಕಣಮ್ಮ."

ಅಣು ಕಂಪನದಲ್ಲಿ ಒಂದು ಮೆಟ್ಟಿಲು ಏರುವಾಗ ಅದರ ತಿರುಗುವಿಕೆಯೂ ಒಂದು ಮೆಟ್ಟಿಲು ಹೆಚ್ಚಬೇಕು, ಇಲ್ಲವೇ ಇಳಿಯಬೇಕು. ಹೆಚ್ಚಿದವು ಆರ್ ಶಾಖೆ, ಇಳಿದವು ಪಿ ಶಾಖೆ. ತಿರುಗುವಿಕೆ ಬದಲಾಗದಿದ್ದರೆ ಗೆರೆ 2886 cm⁻¹ ಹತ್ತಿರ ಬೀಳಬೇಕಿತ್ತು. ಫೋಟಾನ್ ತಂದ ಕೋನೀಯ ಸಂವೇಗ ಎಲ್ಲಾದರೂ ಸೇರಬೇಕಲ್ಲ ಎಂದು ಹೇಳಿ ಮುಗಿಸುವುದು ವಾಡಿಕೆ. ಹುಡುಗಿ ಬಿಡಲಿಲ್ಲ: "ಅಣು ಬರೀ ದಿಕ್ಕು ಬದಲಾಯಿಸಿ, ಪ್ರಮಾಣ ಹಾಗೇ ಇಟ್ಕೋಬಹುದಲ್ವಾ?"

ಒಳ್ಳೇ ಪ್ರಶ್ನೆ. ಸಂವೇಗದ ಲೆಕ್ಕವೊಂದೇ ಆಗಿದ್ದರೆ ಅದಕ್ಕೆ ಅಡ್ಡಿಯಿಲ್ಲ. ತಡೆಯುವುದು ಪ್ಯಾರಿಟಿ, ಅಂದರೆ ಎಲ್ಲ ದಿಕ್ಕುಗಳನ್ನೂ ಉಲ್ಟಾ ಮಾಡಿದರೆ ಸ್ಥಿತಿಯ ಚಿಹ್ನೆ ಹಾಗೇ ಉಳಿಯುತ್ತದೋ ಬದಲಾಗುತ್ತದೋ ಎಂಬ ಗುಣ. ಬೆಳಕು ಹೀರಿದಾಗ ಅಣುವಿನ ಸ್ಥಿತಿಯ ಪ್ಯಾರಿಟಿ ತಿರುವುಮುರುವಾಗಲೇಬೇಕು. ಆದರೆ ಈ ಅಣುವಿನ ಹಿಗ್ಗುವ ಕುಗ್ಗುವ ಕಂಪನ ಪ್ಯಾರಿಟಿಯನ್ನು ಮುಟ್ಟುವುದಿಲ್ಲ, ತಿರುಗುವಿಕೆಯ ಮೆಟ್ಟಿಲು ಬದಲಾದರೆ ಮಾತ್ರ ಅದು ಬದಲಾಗುತ್ತದೆ. ನೈಟ್ರಿಕ್ ಆಕ್ಸೈಡ್‌ನ ಕಥೆ ಬೇರೆ. ಅದರ ಒಂಟಿ ಎಲೆಕ್ಟ್ರಾನ್ ಅಕ್ಷದ ಸುತ್ತ ತನ್ನದೇ ಸಂವೇಗ ಹೊತ್ತಿರುತ್ತದೆ, ಹಾಗಾಗಿ ಪ್ರತಿ ಮೆಟ್ಟಿಲಲ್ಲೂ ಎರಡೂ ಪ್ಯಾರಿಟಿಯ ಜೋಡಿ ಸಿಗುತ್ತದೆ. ಅಲ್ಲಿ ನಡುವೆ, ತಿರುಗುವಿಕೆ ಬದಲಾಗದ ಗೆರೆಗಳ ಕ್ಯೂ ಶಾಖೆ ನಿಜಕ್ಕೂ ಕಾಣುತ್ತದೆ.

ಆಮೇಲೆ ಅಳತೆಗೆ ಕೂತೆವು. ಖಾಲಿ ಜಾಗದ ಆಚೆ ಈಚೆ ಮೊದಲ ಗೆರೆಗಳು 2906.2 ಮತ್ತು 2865.1ರಲ್ಲಿ, ಅಂದರೆ ಅಂತರ 41. ಉಳಿದ ಅಕ್ಕಪಕ್ಕದ ಗೆರೆಗಳ ಅಂತರ ಸುಮಾರು 20. ಅವಳು ಮೊದಲು ಈ 41ನ್ನೂ ಒಂದು ಅಂತರವೆಂದೇ ಸರಾಸರಿಗೆ ಸೇರಿಸಿದ್ದಳು. ಸರಾಸರಿಯ ಬದಲು, ಒಂದೇ ಮೇಲಿನ ಮಟ್ಟಕ್ಕೆ ಹೋಗುವ ಎರಡು ಗೆರೆ ತಗೋ ಅಂದೆ: ಆರ್‌ನ ಮೊದಲನೆಯದು, ಪಿಯ ಎರಡನೆಯದು. 2906.2ರಲ್ಲಿ 2843.6 ಕಳೆದರೆ 62.6. ಮೇಲಿನ ಮಟ್ಟ ಲೆಕ್ಕದಿಂದ ಹಾರಿಹೋಗಿ, ಕೆಳಗಿನ ಸ್ಥಿತಿಯ ತಿರುಗುವಿಕೆ ಸ್ಥಿರಾಂಕದ ಆರು ಪಟ್ಟು ಮಾತ್ರ ಉಳಿಯುತ್ತದೆ. ಭಾಗಿಸಿದರೆ 10.43, ಅದರಿಂದ ಬಂಧದ ಉದ್ದ 1.28 ಆಂಗ್‌ಸ್ಟ್ರಾಮ್.

ಪ್ರತಿ ಗೆರೆಯ ಪಕ್ಕ, ಸುಮಾರು 2 cm⁻¹ ಕೆಳಗೆ ಕುಳ್ಳ ಗೆರೆಯೊಂದು ಇದೆ, ಭಾರದ ಕ್ಲೋರಿನ್‌ನದು. ಕಳೆದ ವಾರದ ಬ್ಯಾಚ್ ರೆಸಲ್ಯೂಶನ್ 4ರಲ್ಲಿಟ್ಟು ಎರಡನ್ನೂ ಬೆರೆಸಿಬಿಟ್ಟಿತ್ತು. ಇವತ್ತು 0.5, ಹಾಗಾಗಿ ಬೇರೆಬೇರೆ ಕಂಡವು.

ಸೆಲ್ ಹೊರತೆಗೆಯುವಷ್ಟರಲ್ಲಿ ಒಂದು ಕಿಟಕಿಯ ಅಂಚು ಬೆಳ್ಳಗಾಗಿತ್ತು. ನಾಳೆ ಪಾಲಿಶ್ ಮಾಡಿಸಬೇಕು.