ಬಿಳಿ ಕಂಡಿದ್ದೆಲ್ಲ ಬೂಷ್ಟಲ್ಲ

ಮಂಡ್ಯದ ಪೇಟೆ ಬೀದಿಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ಪೂಜೆ ಸಾಮಾನಿನ ಜೊತೆಗೆ ಬಾಣಂತಿ ಸಾಮಾನೂ ಮಾರುತ್ತೇವೆ: ಒಣಶುಂಠಿ, ಹಿಪ್ಪಲಿ, ಅಂಟು, ಉತ್ತುತ್ತೆ, ಖರ್ಜೂರ, ಬಾದಾಮಿ, ದ್ರಾಕ್ಷಿ. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ವ್ಯಾಪಾರ ತಣ್ಣಗಿರುತ್ತದೆ, ಆದರೆ "ಇದು ಕೆಟ್ಟೋಗದೆ" ಅಂತ ವಾಪಸ್ ತರುವವರು ಜಾಸ್ತಿಯಾಗುವುದೂ ಆಗಲೇ. ಮಳೆಗಾಲದ ಗಾಳಿಗೆ ಒಣಹಣ್ಣು ಬಹಳ ಬೇಗ ರೂಪ ಬದಲಿಸುತ್ತದೆ.

ಹೋದ ವರ್ಷ ಅಂಥದ್ದೊಂದು ಬೆಳಿಗ್ಗೆ ಮದ್ದೂರು ಕಡೆಯ ಒಬ್ಬ ಅಜ್ಜಿ ಬ್ಯಾಗು ತಂದು ಗಲ್ಲಾದ ಮುಂದೆ ಸುರಿದರು. ಮೊಮ್ಮಗಳ ಬಾಣಂತನಕ್ಕೆ ಅಂಟಿನುಂಡೆ ಮಾಡಬೇಕು ಅಂತ ಎರಡು ತಿಂಗಳ ಮುಂಚೆಯೇ ನಮ್ಮಲ್ಲಿ ತೆಗೆದುಕೊಂಡು ಹೋಗಿದ್ದ ಸಾಮಾನು. ಖರ್ಜೂರದ ಮೇಲೆ ಬಿಳಿ ಮಚ್ಚೆ, ದ್ರಾಕ್ಷಿ ಒಂದಕ್ಕೊಂದು ಕಚ್ಚಿಕೊಂಡು ಮುದ್ದೆ, ಅಂಜೂರದಲ್ಲಿ ಜೇಡರ ಬಲೆ ಥರ ನೂಲು.

"ನೋಡಪ್ಪಾ, ಪೂರಾ ಬೂಷ್ಟು ಹಿಡ್ದೋಗದೆ. ಹಸೀ ಬಾಣಂತಿಗೆ ಇದ್ನ ತಿನ್ನಿಸಕಾಯ್ತದಾ?" ಅಂದರು. ಕೋಪಕ್ಕಿಂತ ಆತಂಕವೇ ಹೆಚ್ಚಿತ್ತು. ಜೊತೆಗೆ ಬಂದಿದ್ದ ಸೊಸೆ, "ಎಲ್ಲಾನೂ ತಿಪ್ಪೆಗೆ ಹಾಕಿ ಬೇರೆ ತಗೊಳಾಣ ಬುಡಿ ಅತ್ತೆ" ಅನ್ನುತ್ತಿದ್ದರು.

ಮೂರನ್ನೂ ಒಂದೇ ಕಾಯಿಲೆ ಅಂತ ನೋಡಿದ್ದೇ ಅವರಿಬ್ಬರ ಗಾಬರಿಗೆ ಕಾರಣ. ಅವು ಮೂರೂ ಬೇರೆ ಬೇರೆ. ಒಂದನ್ನು ನಿಶ್ಚಿಂತೆಯಿಂದ ತಿನ್ನಬಹುದು, ಇನ್ನೊಂದನ್ನು ಆರಿಸಿ ತಿನ್ನಬೇಕು, ಮತ್ತೊಂದನ್ನು ಎಸೆಯಲೇಬೇಕು. ಬಾಯಲ್ಲಿ ಹೇಳಿದರೆ ನಂಬಿಕೆ ಬರುವುದಿಲ್ಲ, ಮಾರುವವನು ತನ್ನ ಮಾಲನ್ನು ಚೆನ್ನಾಗಿದೆ ಅನ್ನದೆ ಇನ್ನೇನಂದಾನು? ಹಾಗಾಗಿ ಪಕ್ಕದ ಟೀ ಅಂಗಡಿಯಿಂದ ಒಂದು ಲೋಟ ಬಿಸಿನೀರು ತರಿಸಿ ಅವರ ಕಣ್ಣೆದುರಿಗೇ ನೋಡೋಣ ಅಂತ ಕೂತೆ.

ಮೊದಲು ಖರ್ಜೂರ. ಬೆಳಕಿಗೆ ಹಿಡಿದಾಗ ಬಿಳಿ ಇದ್ದದ್ದು ಸಿಪ್ಪೆಯ ಕೆಳಗೆ. ಉಗುರಲ್ಲಿ ಕೆರೆದರೆ ಕರಕರ ಅಂತ ಸಣ್ಣ ಹರಳು ಸಿಕ್ಕಿತು. ಅಜ್ಜಿಯ ಕೈಗೂ ಕೊಟ್ಟೆ, ಅವರು ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಬೂಷ್ಟಾಗಿದ್ದರೆ ಹೀಗೆ ಗಟ್ಟಿಯಾಗಿ ಸಿಗುವುದಿಲ್ಲ. ಅದು ಹತ್ತಿಯ ಎಳೆಯ ಹಾಗೆ ಮೇಲೆ ಎದ್ದು ನಿಂತಿರುತ್ತದೆ, ಮುಟ್ಟಿದರೆ ಪುಡಿಯಾಗಿ ಬೆರಳಿಗೆ ಹತ್ತುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಆಮೇಲೆ ಅದೇ ಖರ್ಜೂರವನ್ನು ಸೀಳಿ ಬಿಸಿನೀರಿಗೆ ಬಿಟ್ಟೆ. ಅಜ್ಜಿ ಲೋಟದಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಬಿಳಿ ಮಚ್ಚೆಯೆಲ್ಲ ಕರಗಿ ಹೋಗಿ ಬರೀ ಕಂದು ತಿರುಳು ಉಳಿಯಿತು. ಸಕ್ಕರೆಯಾದ್ದರಿಂದಲೇ ಕರಗಿತು. ಬೂಷ್ಟು ಬಿಸಿನೀರಿಗೆ ಕರಗುವುದಿಲ್ಲ, ಒದ್ದೆಯಾಗಿ ಅಲ್ಲೇ ಅಂಟಿಕೊಂಡಿರುತ್ತದೆ, ಇಲ್ಲವೇ ಪೊರೆಯಾಗಿ ತೇಲುತ್ತದೆ.

ಮೆತ್ತನೆಯ ಖರ್ಜೂರದಲ್ಲಿ 100 ಗ್ರಾಂಗೆ 60 ಗ್ರಾಂಗಿಂತ ಹೆಚ್ಚು ಸಕ್ಕರೆಯೇ ಇರುತ್ತದೆ, ಅದೂ ಬಹುಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವೆರಡರಲ್ಲಿ ಗ್ಲೂಕೋಸ್ ನೀರಿನಲ್ಲಿ ಕಡಿಮೆ ಕರಗುವಂಥದ್ದು. ದಿನ ಕಳೆದಂತೆ ಅದು ತಿರುಳಿನೊಳಗೆ ಹರಳುಗಟ್ಟಿ ಸಿಪ್ಪೆಯಡಿ ಮಚ್ಚೆಯಾಗಿ ಕಾಣುತ್ತದೆ. ಬಾಟಲಿಯಲ್ಲಿಟ್ಟ ಜೇನು ಗಟ್ಟಿಯಾಗುವುದೂ ಹೀಗೆಯೇ. ರುಚಿಗೆ ಏನೂ ಆಗಿರುವುದಿಲ್ಲ, ಹಲ್ಲಿಗೆ ಮಾತ್ರ ಮರಳು ಸಿಕ್ಕ ಹಾಗಾಗುತ್ತದೆ. ಅದು ಬೇಡ ಅನ್ನಿಸಿದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಹಬೆಯ ನೀರು ಒಳಗೆ ಹೋಗಿರುತ್ತದಲ್ಲ, ಹಾಗೆ ಬಿಸಿ ಮಾಡಿದ್ದನ್ನು ತಿರುಗಿ ಡಬ್ಬಕ್ಕೆ ತುಂಬಿಡಬಾರದು, ಅವತ್ತೇ ಬಳಸಬೇಕು.

ಮೇಲಿನ ಬಿಳಿ ಕರಗಿತು ಅಂದ ಮಾತ್ರಕ್ಕೆ ಖರ್ಜೂರ ಪಾಸಾಯಿತು ಅಂತಲ್ಲ. ನಿಜವಾಗಿ ಕೆಟ್ಟದ್ದು ಒಳಗಿರುತ್ತದೆ. ಉಂಡೆಗೆ ಹೇಗಿದ್ದರೂ ಬೀಜ ತೆಗೆಯಲೇಬೇಕು, ಆಗ ಒಂದೊಂದನ್ನೂ ಬಿಡಿಸಿ ನೋಡಿ ಅಂತ ಅಲ್ಲೇ ಬಿಡಿಸಲು ಶುರು ಮಾಡಿದೆವು. ಹೊರಗೆ ಮಚ್ಚೆಯೇ ಇಲ್ಲದ, ನುಣ್ಣಗೆ ಹೊಳೆಯುತ್ತಿದ್ದ ಒಂದು ಖರ್ಜೂರ ಸೀಳಿದರೆ ಬೀಜದ ಸುತ್ತ ಕಾಡಿಗೆಯಂಥ ಕಪ್ಪು ಪುಡಿ. ಅದು ಕಪ್ಪು ಬೂಷ್ಟು. ತೊಟ್ಟಿನ ಕಡೆಯಿಂದ ಒಳಗೆ ಇಳಿದಿರುತ್ತದೆ, ಹೊರಗಡೆಯಿಂದ ಗೊತ್ತೇ ಆಗುವುದಿಲ್ಲ. ಅದನ್ನು ತೊಳೆದು ತಿನ್ನುವ ಮಾತಿಲ್ಲ. ಕೆಲವು ಬೂಷ್ಟುಗಳು ಬಿಡುವ ವಿಷ ಹುರಿದರೂ ಬೇಯಿಸಿದರೂ ಹೋಗುವುದಿಲ್ಲ. "ಇದು ನೋಡಕೆ ಚೆನ್ನಾಗೇ ಇತ್ತಲ್ಲಪ್ಪಾ" ಅಂತ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಿಳಿ ಮಚ್ಚೆಗೆ ಹೆದರಿ ಬಂದವರಿಗೆ ನುಣುಪಿನೊಳಗೆ ಕಪ್ಪು ತೋರಿಸಬೇಕಾಗಿ ಬಂತು. ಮಿಕ್ಕವು ಚೆನ್ನಾಗಿದ್ದವು.

ದ್ರಾಕ್ಷಿ ಸ್ವಲ್ಪ ತೊಡಕಿನದು. ಕವರಿನ ಕೆಳಭಾಗದಲ್ಲಿ ಉದುರುದುರಾಗಿದ್ದ ಹಣ್ಣು ಬಾಯಿಯ ಹತ್ತಿರ ಮಾತ್ರ ಅಂಟುಅಂಟಾಗಿತ್ತು. ಎಲ್ಲಿಟ್ಟಿದ್ದಿರಿ ಅಂತ ಕೇಳಿದೆ. "ಕೆಡಬಾರ್ದು ಅಂತ ಫ್ರಿಜ್ಜಲ್ಲೇ ಮಡಗಿದ್ವಿ. ಹೈಕ್ಳು ದಿನಾ ತಗ್ದು ಒಂದೊಂದ್ ಹಿಡಿ ತಿಂತವೆ" ಅಂದರು ಸೊಸೆ. ಅಲ್ಲಿಗೆ ವಿಷಯ ಗೊತ್ತಾಯಿತು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಣ್ಣಿನ ಮೇಲೆ ಮಳೆಗಾಲದ ಗಾಳಿ ತಾಗಿದ ಕೂಡಲೇ ನೀರು ಕೂರುತ್ತದೆ. ಆ ನೀರಿಗೆ ದ್ರಾಕ್ಷಿಯ ಸಕ್ಕರೆ ಕರಗಿ ಮೇಲೆ ಪಾಕ ನಿಲ್ಲುತ್ತದೆ. ಅದೇ ಪಾಕ ಮುಂದೆ ಒಣಗಿದರೆ ಬಿಳಿ ಪದರವಾಗುತ್ತದೆ. ಅಂಟೂ ಬಿಳಿಯೂ ಒಂದೇ ಸಕ್ಕರೆಯ ಎರಡು ಅವಸ್ಥೆ ಅಷ್ಟೇ. ಫ್ರಿಜ್ಜಿನಲ್ಲಿಟ್ಟದ್ದು ತಪ್ಪಲ್ಲ, ದಿನಾ ಬಿಚ್ಚಿ ಮುಚ್ಚಿದ್ದರಿಂದ ಹೀಗಾಯಿತು. ತಿನ್ನುವುದಕ್ಕೆ ಬೇಕಾದಷ್ಟನ್ನು ಬೇರೆ ಡಬ್ಬಿಗೆ ಹಾಕಿ ಹೊರಗಿಟ್ಟು ಮಿಕ್ಕದ್ದನ್ನು ಮುಟ್ಟದೆ ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ದ್ರಾಕ್ಷಿ ಬರೀ ಅಂಟಂಟಾಗಿದ್ದರೆ ಯೋಚನೆಯಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಜಾಲಿಸಿ, ಬಟ್ಟೆ ಮೇಲೆ ಹರಡಿ ಒಣಗಿಸಿ, ಅವತ್ತೇ ತುಪ್ಪದಲ್ಲಿ ಹುರಿದರೆ ಆಯಿತು. ನೋಡಬೇಕಾದ್ದು ಹುಳಿ ಬಂದಿದೆಯೋ ಇಲ್ಲವೋ ಅನ್ನುವುದನ್ನು. ತೇವ ಹೆಚ್ಚಾದ ಕಡೆ, ಅಷ್ಟು ಸಿಹಿಯಲ್ಲೂ ಬದುಕಬಲ್ಲ ಯೀಸ್ಟ್ ಸೇರಿಕೊಂಡು ಹುದುಗು ಹಿಡಿಸುತ್ತದೆ. ಕವರಿಗೆ ಮೂಗಿಟ್ಟು ವಾಸನೆ ನೋಡಿದರೆ ಪ್ರಯೋಜನವಿಲ್ಲ, ಒಳ್ಳೆಯ ದ್ರಾಕ್ಷಿಯ ಘಮದಲ್ಲಿ ಅದು ಮುಚ್ಚಿಹೋಗುತ್ತದೆ. ಮುದ್ದೆಯನ್ನು ಕೈಯಲ್ಲಿ ಮುರಿದು ಒಡೆದ ಜಾಗವನ್ನು ಮೂಸಬೇಕು. ಅವತ್ತು ಹಾಗೆ ಒಂದೊಂದೇ ಮುರಿದಾಗ ಬಾಯಿಯ ಮೂಲೆಯಲ್ಲಿದ್ದ ಒಂದು ಮುದ್ದೆಯಿಂದ ಹೆಂಡದ ವಾಸನೆ ಬಂತು. ಮಧ್ಯದಲ್ಲಿ ಸಣ್ಣ ಗುಳ್ಳೆಗಳೂ ಇದ್ದವು. ಆ ಮುದ್ದೆ, ಅದಕ್ಕೆ ತಾಗಿಕೊಂಡಿದ್ದ ಹಣ್ಣು ಎರಡನ್ನೂ ಎತ್ತಿ ಕಸಕ್ಕೆ ಹಾಕಿದೆವು. ಕೆಳಗಿನ ಉದುರು ದ್ರಾಕ್ಷಿ ಉಂಡೆಗೆ ಸಾಕಾಗುವಷ್ಟಿತ್ತು.

ಅಂಜೂರದ ವಿಷಯದಲ್ಲಿ ಅವರ ಅನುಮಾನ ಸರಿಯಾಗಿಯೇ ಇತ್ತು. ಹಗ್ಗಕ್ಕೆ ಪೋಣಿಸಿದ ಅಂಜೂರದ ಮೇಲೆ ಸಾಮಾನ್ಯವಾಗಿ ಕಾಣುವ ಬಿಳಿ ಪುಡಿಯೂ ಸಕ್ಕರೆಯೇ, ಆದರೆ ಇದು ಪುಡಿಯಲ್ಲ. ಎರಡು ಅಂಜೂರ ಎಳೆದು ಬೇರೆ ಮಾಡಿದರೆ ನಡುವೆ ರೇಷ್ಮೆಯಂಥ ನೂಲು ಹಿಗ್ಗಿತು. ಬೂಷ್ಟಿನ ಎಳೆ ಹೀಗೆ ಹಿಗ್ಗುವುದಿಲ್ಲ, ತಕ್ಷಣ ಹರಿಯುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರ ಹಿಡಿದು ತೋರಿಸಿದೆ. ನೂಲಿಗೆ ಗಸಗಸೆಗಿಂತ ಸಣ್ಣ ಕಂದು ಕಾಳುಗಳು ಸಿಕ್ಕಿಕೊಂಡಿದ್ದವು. ಅದು ಹುಳದ ಹಿಕ್ಕೆ. ಜೇಡರ ಬಲೆಯಲ್ಲಿ ಇದಿರುವುದಿಲ್ಲ. ಒಂದು ಅಂಜೂರ ಬಿಡಿಸಿದಾಗ ಹುಳವೇ ಸಿಕ್ಕಿತು: ಕೆನೆ ಬಣ್ಣದ ಮೈ, ಕಂದು ತಲೆ, ಅರ್ಧ ಇಂಚೂ ಇಲ್ಲ.

ಈ ಹುಳ ಒಂದು ಸಣ್ಣ ಪತಂಗದ ಮರಿ. ಆ ಪತಂಗದ ರೆಕ್ಕೆಯ ಮುಂಭಾಗ ಬೂದು, ಹಿಂಭಾಗ ತಾಮ್ರದ ಬಣ್ಣ. ಸಂಜೆ ಹೊತ್ತು ಅಡುಗೆಮನೆಯಲ್ಲಿ ಓಲಾಡುತ್ತಾ ಹಾರುತ್ತದೆ. ಹಾರುವ ಪತಂಗ ಏನನ್ನೂ ತಿನ್ನುವುದಿಲ್ಲ, ತಿನ್ನುವುದೆಲ್ಲ ಹುಳವೇ. ಹೋದಲ್ಲೆಲ್ಲ ನೂಲು ಬಿಡುತ್ತಾ ಹೋಗುತ್ತದೆ, ಬೆಳೆದ ಮೇಲೆ ಆಹಾರ ಬಿಟ್ಟು ಡಬ್ಬದ ಮುಚ್ಚಳದ ಸಂದಿಗೋ ಗೋಡೆಯ ಮೂಲೆಗೋ ಹೋಗಿ ಗೂಡು ಕಟ್ಟುತ್ತದೆ. ತೆಳು ಪ್ಲಾಸ್ಟಿಕ್ಕನ್ನು ಕೊರೆಯುವ ಶಕ್ತಿಯೂ ಅದಕ್ಕಿದೆ. ಅವರ ಕವರಿನ ಮಡಿಕೆಯಲ್ಲೂ ಸೂಜಿ ಚುಚ್ಚಿದಂಥ ತೂತಿತ್ತು.

ನೂಲನ್ನು ಒರೆಸಿ ಬಿಸಿಲಿಗೆ ಹಾಕಿದರೆ ಆಗದಾ ಅಂತ ಅಜ್ಜಿ ಕೇಳಿದರು. ಕಾಳಿಗೆ ಹಾಗೆ ಮಾಡುತ್ತಾರೆ. ಅಂಜೂರಕ್ಕೆ ಆಗುವುದಿಲ್ಲ ಅಂದೆ. ಅದರ ಹೊಟ್ಟೆಯೊಳಗೆ ಸಾವಿರ ಸಂದಿ, ಹಿಕ್ಕೆ ಒಳಗೇ ಉಳಿಯುತ್ತದೆ, ಬಿಸಿಲಿಗೆ ಹುಳ ತೆವಳಿಕೊಂಡು ಇನ್ನೊಂದು ಡಬ್ಬ ಸೇರುತ್ತದೆ. ಕವರ್ ಸಮೇತ ಗಂಟು ಕಟ್ಟಿ ಹೊರಗೆ ಹಾಕುವುದೊಂದೇ ದಾರಿ.

ಹುಳ ನಮ್ಮ ಅಂಗಡಿಯಿಂದ ಹೋಯಿತೋ ಅವರ ಮನೆಯಲ್ಲಿ ಸೇರಿತೋ ಅನ್ನುವುದನ್ನು ತೂತು ನೋಡಿ ಹೇಳಲಾಗುವುದಿಲ್ಲ, ಮೊಟ್ಟೆ ಕಣ್ಣಿಗೇ ಬೀಳದಷ್ಟು ಸಣ್ಣದು. ಅವರ ಮುಂದೆಯೇ ಅಂಜೂರದ ಡಬ್ಬ ಇಳಿಸಿ ಮುಚ್ಚಳದ ಸಂದಿ, ತಳ ಎಲ್ಲ ನೋಡಿದೆ, ನೂಲಿರಲಿಲ್ಲ. ಗೋಡೌನಿನಲ್ಲಿ ಗಂಡು ಪತಂಗಗಳನ್ನು ವಾಸನೆಯಿಂದ ಸೆಳೆಯುವ ಅಂಟುಕಾಗದ ತೂಗುಹಾಕಿದ್ದೇವೆ. ಅದರಿಂದ ಹುಳ ನಾಶವಾಗುವುದಿಲ್ಲ, ಬಂದಿದೆ ಅನ್ನುವ ಸುಳಿವು ಮಾತ್ರ ಸಿಗುತ್ತದೆ. ಅದರಲ್ಲೂ ಏನೂ ಬಿದ್ದಿರಲಿಲ್ಲ. ಆದರೂ ಅಂಜೂರಕ್ಕೆ ಬದಲಿ ಕೊಟ್ಟೆ. ಬಾಣಂತಿ ಸಾಮಾನಿನಲ್ಲಿ ವಾದ ಮಾಡುವುದು ನನಗೆ ಸರಿಕಾಣುವುದಿಲ್ಲ.

ಹೊಸದನ್ನು ತೂಗುವಾಗ ಒಂದು ಕೇಳಿಕೊಂಡೆ: ಮನೆಗೆ ಹೋಗಿ ಮೊದಲು ಅಟ್ಟ ನೋಡಿ, ಕಡಲೆಬೀಜ, ಹುರಿಗಡಲೆ, ಮಕ್ಕಳ ಹಿಟ್ಟು ಯಾವುದರಲ್ಲಾದರೂ ನೂಲಿದ್ದರೆ ಅದನ್ನು ತೆಗೆಯುವವರೆಗೆ ಇದನ್ನು ಅಡುಗೆಮನೆಗೆ ತರಬೇಡಿ. ಸೊಸೆಗೆ ಆಗ ನೆನಪಾಯಿತು, ಹುರಿಗಡಲೆ ಡಬ್ಬ ತೆಗೆದಾಗಲೆಲ್ಲ ಒಂದು ಚಿಟ್ಟೆ ಹಾರುತ್ತಿತ್ತಂತೆ.

ಮೊಟ್ಟೆ ಇದ್ದರೂ ಸಾಯಲಿ ಅಂದರೆ ಗಾಳಿ ಹೋಗದ ಹಾಗೆ ಕಟ್ಟಿ ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ ಒಂದು ವಾರ ಇಡಬೇಕು. ಮೈನಸ್ 18 ಡಿಗ್ರಿಗೆ ನಾಲ್ಕು ದಿನ ಸಾಕು, ಆದರೆ ಮನೆಯ ಫ್ರಿಜ್ಜು ಅಷ್ಟು ತಣ್ಣಗಾಗುತ್ತದೆ ಅನ್ನುವ ಭರವಸೆಯಿಲ್ಲ, ಕರೆಂಟು ಬೇರೆ ಹೋಗುತ್ತಿರುತ್ತದೆ. ಹೊರತೆಗೆದ ಮೇಲೆ ಕವರಿನ ಹೊರಮೈ ಬೆವರುವುದು ಪೂರ್ತಿ ನಿಲ್ಲುವವರೆಗೆ ಬಿಚ್ಚಬಾರದು, ಬಿಚ್ಚಿದರೆ ದ್ರಾಕ್ಷಿಗೆ ಆದದ್ದೇ ಇದಕ್ಕೂ ಆಗುತ್ತದೆ.

"ಒಂದ್ ವಾರ ಎಲ್ಲಪ್ಪಾ ಕಾಯದು, ನಾಳಿಕ್ಕೇ ಉಂಡೆ ಕಟ್ಬೇಕು" ಅಂದರು ಅಜ್ಜಿ. ನಾಳೆಯೇ ಕಟ್ಟುವುದಾದರೆ ಐಸ್ ಖಾನೆಯ ಅಗತ್ಯವೇ ಇಲ್ಲ. ಒಂದೊಂದು ಅಂಜೂರವನ್ನೂ ನಾಲ್ಕು ಸೀಳು ಮಾಡಿ ಬೆಳಕಿಗೆ ಹಿಡಿದು ನೋಡಿ ತುಪ್ಪಕ್ಕೆ ಹಾಕಿ, ಉಳಿದ ಕಾಲು ಕೇಜಿಯನ್ನು ಮಾತ್ರ ಮೇಲಿನ ಖಾನೆಗೆ ಇಡಿ ಅಂತ ಹೇಳಿ ಎರಡು ಪೊಟ್ಟಣ ಬೇರೆ ಬೇರೆ ಕಟ್ಟಿಕೊಟ್ಟೆ.